ಕೇಳಿಸಿತೇ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ

ವಾರ್ಡಿನಲ್ಲಿ ಬಹುದಿನಗಳಿಂದ ನನ್ನನ್ನು ಕಾಡುತ್ತಿದ್ದ ಸಂಗತಿಯೊಂದಿದೆ. ರೋಗಿಯ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟ ಕಿರಿಯ ವಿದ್ಯಾರ್ಥಿಯನ್ನು "ಕೇಳಿಸಿತೇ?" ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಬರುವ ಉತ್ತರ "ಕೇಳಿಸಿತು" ಎಂಬುದೇ. ಸುಳ್ಳು ಹೇಳಬೇಕೆಂದು ಯಾರೂ ಹಾಗೆ ಹೇಳುವುದಿಲ್ಲ. ಕಿವಿಗೆ ಏನೋ ಬಡಿತ ಬಿದ್ದಿರುತ್ತದೆ, ಹಿಂದೆ ನಾಲ್ಕೈದು ಜನ ಸರದಿಗೆ ಕಾದಿರುತ್ತಾರೆ, ರೋಗಿ ಅಂಗಿ ಬಿಚ್ಚಿಕೊಂಡು ಚಳಿಯಲ್ಲಿ ಕುಳಿತಿರುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೊಡಿ ಎಂದು ಕೇಳುವುದಕ್ಕಿಂತ ತಲೆಯಾಡಿಸಿ ಪಕ್ಕಕ್ಕೆ ಸರಿಯುವುದು ಸುಲಭ. ಹೊಟ್ಟೆಯನ್ನು ಒತ್ತಿ ನೋಡುವಾಗ ಕೈ ಎಲ್ಲಿದೆ, ಎಷ್ಟು ಒತ್ತುತ್ತಿದೆ ಎಂದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ, ತಿದ್ದಬಹುದು. ಇನ್ನೊಬ್ಬರ ಕಿವಿಯೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಕಾಣದ್ದನ್ನು ತಿದ್ದುವುದಾದರೂ ಹೇಗೆ?

ಇಂಟರ್ನ್‌ಶಿಪ್ಪಿನ ಈ ವರ್ಷ, ಮಡಿಕೇರಿಯಲ್ಲಿ, ಎರಡನೇ ವರ್ಷದವರಿಗೆ ಹೃದಯದ ಶಬ್ದಗಳ ಕುರಿತು ಶನಿವಾರ ಮಧ್ಯಾಹ್ನ ಒಂದು ಗಂಟೆಯ ಪಾಠ ಮಾಡುವ ಹೊಣೆ ನನ್ನ ಮೇಲೂ ನನ್ನ ಸಹಪಾಠಿಯೊಬ್ಬನ ಮೇಲೂ ಬಿತ್ತು. ಏನು ಕಲಿಸಬೇಕು ಎಂಬುದಕ್ಕಿಂತ, ಅವರು ಕೇಳಿದ್ದು ನಮಗೆ ಕಾಣುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯಿಂದಲೇ ನಾವು ಯೋಜನೆ ಹೊಸೆಯತೊಡಗಿದೆವು.

ಒಂದು ಗಂಟೆಗೆ ಒಂದೇ ಕೆಲಸ

ಪಠ್ಯಪುಸ್ತಕದಲ್ಲಿ ಹೃದಯದ ಶಬ್ದಗಳ ಅಧ್ಯಾಯ ತೆರೆದರೆ ಮೊದಲ ಶಬ್ದದಿಂದ ನಾಲ್ಕನೆಯದರವರೆಗೆ, ಕ್ಲಿಕ್, ಸ್ನ್ಯಾಪ್, ಶಬ್ದಗಳ ನಡುವೆ ರಕ್ತದ ಹರಿವು ಎಬ್ಬಿಸುವ ಮೊರೆತವಾದ ಬಗೆಬಗೆಯ ಮರ್ಮರ್‌ಗಳು, ಅವು ಉಸಿರಿನ ಜೊತೆ ಬದಲಾಗುವ ಪರಿ, ಎಲ್ಲವೂ ಸಾಲಾಗಿ ನಿಂತಿರುತ್ತವೆ. ಅಷ್ಟನ್ನೂ ಒಂದೇ ಮಧ್ಯಾಹ್ನ ಹೇಳಿ ಮುಗಿಸುವ ಆಸೆ ಯಾರಿಗಾದರೂ ಆಗುತ್ತದೆ. ನಾವು ಹಲಗೆಯ ಮೇಲೆ ಒಂದೇ ಗುರಿ ಬರೆದೆವು: ಈ ಗಂಟೆ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಮೊದಲ ಶಬ್ದ ಯಾವುದು, ಎರಡನೆಯದು ಯಾವುದು ಎಂದು ಎದೆಯ ಯಾವುದೇ ಜಾಗದಲ್ಲಿ ತೋರಿಸಬೇಕು, ಮರ್ಮರ್ ಇದ್ದರೆ ಅದು ಯಾವ ಬಿಡುವಿನಲ್ಲಿದೆ ಎಂದು ಹೇಳಬೇಕು. ಅಷ್ಟೇ.

ಇದು ತೀರಾ ಚಿಕ್ಕ ಗುರಿ ಎಂದು ಆರಂಭದಲ್ಲಿ ಒಬ್ಬಿಬ್ಬರಿಗೆ ಅನಿಸಿತು. ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಮೊದಲ ಶಬ್ದ ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟಗಳು ಮುಚ್ಚುವ ಹೊತ್ತಿನದು, ಎರಡನೆಯದು ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟಗಳು ಮುಚ್ಚುವ ಹೊತ್ತಿನದು. ಮೊದಲನೆಯದರಿಂದ ಎರಡನೆಯದರವರೆಗೆ ಹೃದಯದ ಸಂಕೋಚನ, ಎರಡನೆಯದರಿಂದ ಮುಂದಿನ ಮೊದಲನೆಯದರವರೆಗೆ ವಿಕಸನ. ಇವೆರಡು ಅದಲುಬದಲಾದರೆ ಮೈಟ್ರಲ್ ಕವಾಟದ ಸೋರಿಕೆ ಅದೇ ಕವಾಟದ ಕಿರಿದಾಗುವಿಕೆಯಾಗಿ ಬಿಡುತ್ತದೆ. ಮರ್ಮರ್‌ನ ಎತ್ತರ, ಆಕಾರ, ಹರಡುವ ದಿಕ್ಕು ಎಲ್ಲವನ್ನೂ ಸರಿಯಾಗಿ ವಿವರಿಸಿಯೂ ರೋಗವನ್ನು ತಪ್ಪಾಗಿ ಹೇಳಿದಂತಾಗುತ್ತದೆ.

ಅದಲುಬದಲಾಗುವುದು ಎಲ್ಲಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಯೋಜನೆ ಹುಟ್ಟಿದ್ದೇ ಅದರಿಂದ. ನಿಮಿಷಕ್ಕೆ 70 ಬಡಿತ ಇರುವಾಗ ಒಂದು ಸುತ್ತಿಗೆ ಸುಮಾರು 0.86 ಸೆಕೆಂಡು ಹಿಡಿಯುತ್ತದೆ. ಅದರಲ್ಲಿ ಸಂಕೋಚನ 0.3 ಸೆಕೆಂಡಿನ ಆಸುಪಾಸು, ಮಿಕ್ಕದ್ದು ವಿಕಸನ. ಒಂದು ಬಿಡುವು ಗಿಡ್ಡ, ಇನ್ನೊಂದು ಉದ್ದ. ಕಿವಿ ತಾನಾಗಿಯೇ ಗುರುತಿಸುತ್ತದೆ. ಬಡಿತ ಏರಿದಾಗ ಸಂಕೋಚನ ಸ್ವಲ್ಪವೇ ಮೊಟಕಾಗುತ್ತದೆ, ವಿಕಸನ ಬಹಳಷ್ಟು ಮೊಟಕಾಗುತ್ತದೆ. 120ರ ಹತ್ತಿರ ಬಂದಾಗ ಎರಡೂ ಬಿಡುವುಗಳು ಹೆಚ್ಚುಕಡಿಮೆ ಸಮವಾಗಿ, ಲಬ್-ಡಬ್ ಎಂಬ ಜೋಡಿ ಕರಗಿ ಒಂದೇ ಸಮನೆ ಟಕ್ ಟಕ್ ಎಂದು ಕೇಳತೊಡಗುತ್ತದೆ. ಆಗ ವಿದ್ಯಾರ್ಥಿ ಹಿಡಿಯುವುದು ಇನ್ನೊಂದು ಊರುಗೋಲನ್ನು: ಜೋರಾಗಿರುವುದೇ ಮೊದಲನೆಯದು ಎಂಬ ಊಹೆ. ಹೃದಯದ ತುದಿಯಲ್ಲಿ, ಅಂದರೆ ಏಪೆಕ್ಸ್ ಬಳಿ, ಈ ಊಹೆ ಸಾಮಾನ್ಯವಾಗಿ ನಡೆಯುತ್ತದೆ. ಎದೆಯ ಮೇಲ್ಭಾಗದಲ್ಲಿ, ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ, ಎರಡನೇ ಶಬ್ದವೇ ಜೋರು. ಅಲ್ಲಿ ಊರುಗೋಲು ಮುರಿಯುತ್ತದೆ.

ಬೆರಳು ಎತ್ತುವ ಉಪಾಯ

ಕೇಳುವುದನ್ನು ಕಾಣಿಸುವುದಕ್ಕೆ ನಾವು ಕಂಡುಕೊಂಡ ದಾರಿ ಬಹಳ ಸರಳ. ಮೂವರು ಮೂವರ ಎರಡು ಗುಂಪು. ಒಬ್ಬರು ಮಲಗುತ್ತಾರೆ, ಒಬ್ಬರು ಕೇಳುತ್ತಾರೆ, ಒಬ್ಬರು ನೋಡುತ್ತಾರೆ. ಕೇಳುವವರು ಮೊದಲ ಶಬ್ದ ಬಿದ್ದಾಗಲೆಲ್ಲ ಎಡಗೈಯ ತೋರುಬೆರಳನ್ನು ಎತ್ತಬೇಕು. ನೋಡುವವರು ಮಲಗಿದವರ ಕತ್ತಿನ ಕೆರೋಟಿಡ್ ನಾಡಿಯ ಮೇಲೆ ಬೆರಳಿಟ್ಟಿರುತ್ತಾರೆ. ಮೊದಲ ಶಬ್ದವಾದ ಕೂಡಲೇ ಆ ನಾಡಿ ಏಳುತ್ತದೆ. ಹಾಗಾಗಿ ಎತ್ತಿದ ಬೆರಳೂ ನಾಡಿಯೂ ಜೊತೆಜೊತೆಗೆ ಬಂದರೆ ಸರಿ. ನಾಡಿ ಬಂದು ಹೋದ ಮೇಲೆ ಬೆರಳು ಎದ್ದರೆ ಕೇಳುಗರು ಎರಡನೇ ಶಬ್ದವನ್ನು ಮೊದಲನೆಯದೆಂದು ಹಿಡಿದಿದ್ದಾರೆ. ಬೆರಳು ಎದ್ದೂ ಎದ್ದಿರದಂತೆ ತಡವರಿಸುತ್ತಿದ್ದರೆ ಅವರಿಗೆ ಶಬ್ದಗಳು ಬೇರೆಬೇರೆಯಾಗಿ ಕೇಳಿಸುತ್ತಿಲ್ಲ ಎಂದರ್ಥ. ಯಾರನ್ನೂ ಪ್ರಶ್ನೆ ಕೇಳದೆ ಇಷ್ಟೂ ತಿಳಿಯುತ್ತದೆ.

ಮಣಿಕಟ್ಟಿನ ನಾಡಿ ಸಾಲದೇ ಎಂದು ಕೇಳಿದವರಿದ್ದಾರೆ. ಸಾಲದು. ನಾಡಿಯ ಅಲೆ ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನಷ್ಟು ಹೊತ್ತು ಕಳೆದಿರುತ್ತದೆ. ಬಡಿತ ವೇಗವಾಗಿದ್ದರೆ ಆ ತಡ ಎರಡನೇ ಶಬ್ದದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಸಹಾಯ ಬೇಕಾದ ಹೊತ್ತಿನಲ್ಲಿಯೇ ಅದು ಕೈಕೊಡುತ್ತದೆ. ಕೆರೋಟಿಡ್ ಮುಟ್ಟುವುದಕ್ಕೂ ಕಟ್ಟುನಿಟ್ಟು ಇದೆ: ಒಂದು ಬದಿಯಲ್ಲಿ ಮಾತ್ರ, ಹಗುರವಾಗಿ, ಕತ್ತಿನ ಕೆಳಭಾಗದಲ್ಲಿ. ದವಡೆಯ ಮೂಲೆಯ ಹತ್ತಿರ ಒತ್ತಿದರೆ ಕೆರೋಟಿಡ್ ಸೈನಸ್ ಕೆರಳಿ ಬಡಿತ ಕುಸಿಯಬಹುದು. ಎರಡೂ ಬದಿಯನ್ನು ಒಟ್ಟಿಗೆ ಒತ್ತುವುದಂತೂ ಎಂದಿಗೂ ಕೂಡದು. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ, ಪ್ರತಿಯೊಬ್ಬರ ಬೆರಳನ್ನೂ ಸರಿಯಾದ ಜಾಗದಲ್ಲಿ ಇಡಿಸಿ ನೋಡಿದೆವು.

ಹುಡುಗಿಯರ ಗುಂಪು ಪರದೆಯ ಈಚೆ ನನ್ನ ಜೊತೆ, ಹುಡುಗರ ಗುಂಪು ಆಚೆ ನನ್ನ ಸಹಪಾಠಿಯ ಜೊತೆ. ಮಲಗಲು ಇಷ್ಟವಿಲ್ಲದವರು ಕಾರಣ ಹೇಳದೆ ಬೇಡ ಎನ್ನಬಹುದು ಎಂದು ಹಿಂದಿನ ದಿನವೇ ತಿಳಿಸಿದ್ದೆವು. ಸ್ಥಳದಲ್ಲೇ ಕೇಳಿದರೆ ಗೆಳತಿಯರ ಮುಂದೆ ಬೇಡ ಎನ್ನಲು ಸಂಕೋಚವಾಗುತ್ತದೆ.

ಕೊಡಗಿನಲ್ಲಿ ಈ ಪಾಠ ಮಾಡುವವರು ಕೋಣೆಯನ್ನು ಆರಿಸುವಾಗ ಮೇಲೆ ನೋಡಬೇಕು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಹೃದಯ ಕೇಳುವುದು ಆಗದ ಮಾತು. ಮಳೆಯ ಮೊರೆತಕ್ಕೆ ತಗ್ಗಿದ ಶಬ್ದಗಳೆಲ್ಲ ಮುಳುಗುತ್ತವೆ, ಉಳಿಯುವುದು ಲಬ್-ಡಬ್ ಮಾತ್ರ. ನಾವು ಎರಡು ಅಂತಸ್ತಿನ ಕೆಳಗಿನ, ಕಾಂಕ್ರೀಟ್ ಚಾವಣಿಯ ಕೋಣೆ ಹುಡುಕಿ, ಫ್ಯಾನು ನಿಲ್ಲಿಸಿ ಕುಳಿತೆವು. ಇನ್ನೊಂದು ತೊಡಕು ಚಳಿ. ಮೈ ನಡುಗುತ್ತಿದ್ದರೆ ಎದೆಯ ಸ್ನಾಯುಗಳೇ ಗುರುಗುಟ್ಟುತ್ತವೆ; ಕಲಿಯುವವರಿಗೆ ಅದು ಮರ್ಮರ್‌ನಂತೆ ಕೇಳಿಸುತ್ತದೆ. ಕಲಬುರಗಿಯಿಂದ ಬಂದ ಹುಡುಗಿಯೊಬ್ಬಳಿಗೆ ಜುಲೈ ತಿಂಗಳ ಮಡಿಕೇರಿ ಇನ್ನೂ ಒಗ್ಗಿರಲಿಲ್ಲ. ಅವಳಿಗೆ ಕಂಬಳಿ ಹೊದಿಸಿ, ಸ್ಟೆತಸ್ಕೋಪಿನ ತಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಬೇಕಾದಷ್ಟು ಜಾಗವನ್ನು ಮಾತ್ರ ತೆರೆದ ಮೇಲೆಯೇ ಆರಂಭಿಸಿದೆವು.

ಮಾಡಿ ತೋರಿಸುವಾಗ ಪೇಯ್ಟನ್ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ನಾಲ್ಕು ಹಂತಗಳನ್ನು ಅನುಸರಿಸಿದೆವು. ಮೊದಲು ಮಾತಿಲ್ಲದೆ ನಿಜವಾದ ವೇಗದಲ್ಲಿ ಮಾಡಿ ತೋರಿಸುವುದು. ಆಮೇಲೆ ಪ್ರತಿ ಹೆಜ್ಜೆಯನ್ನೂ ವಿವರಿಸುತ್ತ ಮಾಡುವುದು. ಮೂರನೆಯದಾಗಿ, ಕಲಿಯುವವರು ಹೇಳಿದಂತೆ ನಾವು ಮಾಡುವುದು. ಕೊನೆಗೆ ಅವರೇ ಹೇಳುತ್ತ ಮಾಡುವುದು. ಸಮಯವಿಲ್ಲವೆಂದು ಮೂರನೆಯದನ್ನು ಹಾರಿಸಲು ಮನಸ್ಸಾಗುತ್ತದೆ, ಆದರೆ ನನ್ನ ಮಟ್ಟಿಗೆ ಬೆಲೆಯಿರುವುದು ಅದಕ್ಕೇ. ಅವರು "ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಳ್ಳಿ" ಎಂದಷ್ಟೇ ಹೇಳಿದರೆ ನಾನು ಕಿವಿತುದಿಗಳನ್ನು ಹಿಂದುಮುಂದಾಗಿ ಹಾಕಿಕೊಂಡು ಕಾಯುತ್ತೇನೆ. ತುದಿಗಳು ಮೂಗಿನ ಕಡೆ ಬಾಗಿರಬೇಕು, ಇಲ್ಲದಿದ್ದರೆ ಕಿವಿಯ ಗೋಡೆಗೆ ತಾಗಿ ಶಬ್ದ ಅರ್ಧಕ್ಕರ್ಧ ಅಡಗುತ್ತದೆ ಎಂಬುದು ಆಗ ಅವರ ಬಾಯಿಂದಲೇ ಹೊರಡುತ್ತದೆ.

ಗೋಣಿಕೊಪ್ಪಲಿನ ಹುಡುಗಿಯ ಬೆರಳು

ಕಲಬುರಗಿಯ ಹುಡುಗಿ ಮಲಗಿದ್ದಳು. ಹಾಸ್ಟೆಲಿನಿಂದ ಏರು ಹತ್ತಿ ಬಂದದ್ದಕ್ಕೂ ಎಲ್ಲರ ನಡುವೆ ಮಲಗಬೇಕಾದ ಅಳುಕಿಗೂ ಅವಳ ಬಡಿತ ನೂರನ್ನು ದಾಟಿತ್ತು. ಕೇಳುತ್ತಿದ್ದವಳು ಗೋಣಿಕೊಪ್ಪಲಿನವಳು, ನಾಡಿ ಹಿಡಿದವಳು ಹಾಸನದವಳು. ಏಪೆಕ್ಸಿನಲ್ಲಿ ಗೋಣಿಕೊಪ್ಪಲಿನ ಹುಡುಗಿಯ ಬೆರಳು ನಾಡಿಯ ಜೊತೆಗೇ ಚುರುಕಾಗಿ ಏಳುತ್ತಿತ್ತು. ಅಲ್ಲಿಂದ ಸ್ಟೆತಸ್ಕೋಪನ್ನು ಎತ್ತಿ ಎದೆಮೂಳೆಯ ಬಲಕ್ಕೆ, ಎರಡನೇ ಸಂದಿಗೆ ಇಟ್ಟಳು. ಬೆರಳು ಮತ್ತೆ ಏಳತೊಡಗಿತು, ಅಷ್ಟೇ ಚುರುಕಾಗಿ, ಅಷ್ಟೇ ಆತ್ಮವಿಶ್ವಾಸದಿಂದ. ಹಾಸನದ ಹುಡುಗಿ ನನ್ನ ಮುಖ ನೋಡಿದಳು. ನಾಡಿ ಬಂದು ಹೋದ ಮೇಲೆ ಬೆರಳು ಏಳುತ್ತಿತ್ತು.

ಇಂಥ ಹೊತ್ತಿನಲ್ಲಿ ಪಾಠ ಹೇಳುವವರ ನಾಲಿಗೆ ತುರಿಸುತ್ತದೆ. ನಾನು ಕಾದೆ. ಹತ್ತಾರು ಬಡಿತ ಆದ ಮೇಲೆ ಅವಳ ಭುಜ ಮುಟ್ಟಿದೆ. ಕಿವಿಯಿಂದ ಸ್ಟೆತಸ್ಕೋಪ್ ತೆಗೆದ ಮೇಲೆ, "ನಿನಗೆ ಏನನ್ನಿಸಿತು? ಯಾವುದು ಸರಿಯಾಯಿತು?" ಎಂದು ಕೇಳಿದೆ.

"ಎರಡೂ ಕಡೆ ಸ್ಪಷ್ಟವಾಗಿ ಕೇಳಿಸಿತು ಅಕ್ಕ. ಮೇಲೆ ಇನ್ನೂ ಸ್ಪಷ್ಟ. ಲಬ್ ಬಹಳ ಜೋರಾಗಿತ್ತು."

"ಲಬ್ ಅದೇ ಎಂದು ಹೇಗೆ ಗೊತ್ತಾಯಿತು?"

ಅವಳು ತುಸು ಯೋಚಿಸಿ, "ಜೋರಾಗಿತ್ತಲ್ಲ" ಎಂದಳು.

"ಸರಿ. ನೀನು ನಾಡಿ ಹಿಡಿದಿದ್ದೆಯಲ್ಲ, ನಿನಗೆ ಕಂಡದ್ದನ್ನು ಹೇಳು" ಎಂದು ಹಾಸನದವಳ ಕಡೆ ತಿರುಗಿದೆ. "ಕೆಳಗೆ ನಿನ್ನ ಬೆರಳು ನಾಡಿಯ ಜೊತೆಗೇ ಇತ್ತು ಕಣೇ. ಮೇಲೆ ನಾಡಿ ಹೋದ ಮೇಲೆ ಎದ್ದಿತು" ಎಂದಳು ಅವಳು. ಅದಕ್ಕಿಂತ ಹೆಚ್ಚಿನ ವಿಮರ್ಶೆ ಬೇಕಿರಲಿಲ್ಲ.

ಇದಕ್ಕೆ ಮದ್ದು ಸ್ಟೆತಸ್ಕೋಪನ್ನು ಎತ್ತಿ ಇಡುವ ಬದಲು ಜರುಗಿಸುವುದು. ಏಪೆಕ್ಸಿನಲ್ಲಿ ಮೊದಲ ಶಬ್ದವನ್ನು ನಾಡಿ ಮುಟ್ಟಿ ಖಚಿತ ಮಾಡಿಕೊಂಡು, ಬೆರಳು ಎತ್ತುವುದನ್ನು ನಿಲ್ಲಿಸದೆ, ಒಂದೊಂದೇ ಅಂಗುಲ ಎದೆಮೂಳೆಯ ಎಡ ಅಂಚಿಗೆ, ಅಲ್ಲಿಂದ ಮೇಲಕ್ಕೆ ಸರಿಸುತ್ತ ಹೋಗಬೇಕು. ಹೋಗುತ್ತ ಹೋಗುತ್ತ ಮೊದಲನೆಯದು ತಗ್ಗುತ್ತದೆ, ಎರಡನೆಯದು ಏರುತ್ತದೆ, ಆದರೆ ಸರದಿ ಕೈತಪ್ಪುವುದಿಲ್ಲ. ನಮ್ಮ ಕಡೆ ಹಬ್ಬದಲ್ಲಿ ದುಡಿ ಬಾರಿಸುವವರ ಹಿಂದೆ ಹೆಜ್ಜೆ ಹಾಕುವಾಗ, ಕೊಂಬಿನ ದನಿ ಎಷ್ಟೇ ಜೋರಾದರೂ ಕಾಲು ದುಡಿಯ ಪೆಟ್ಟನ್ನು ಬಿಡುವುದಿಲ್ಲವಲ್ಲ, ಹಾಗೆ. ಅವಳು ಮತ್ತೆ ಕಿವಿಗೆ ಹಾಕಿಕೊಂಡು ಜರುಗಿಸುತ್ತ ಬಂದಳು. ಮೂರನೇ ಸಂದಿನ ಹತ್ತಿರ ಬೆರಳು ಒಂದೆರಡು ಸಲ ತಪ್ಪಿತು, ಅವಳೇ ಹಿಂದಕ್ಕೆ ಸರಿದು ಸರದಿ ಹಿಡಿದುಕೊಂಡು ಮತ್ತೆ ಮೇಲೆ ಬಂದಳು. ಎರಡನೇ ಸಂದಿನಲ್ಲಿ ಬೆರಳೂ ನಾಡಿಯೂ ಜೊತೆಗಿದ್ದವು.

ಅಲ್ಲಿಯೇ, ಎಡಬದಿಯ ಎರಡನೇ ಸಂದಿನಲ್ಲಿ, ಇನ್ನೊಂದು ಲಾಭವೂ ದೊರೆಯಿತು. ಅಷ್ಟರಲ್ಲಿ ಮಲಗಿದ್ದವಳ ಬಡಿತ ಇಳಿದಿತ್ತು. ನಿಧಾನವಾಗಿ ಉಸಿರೆಳೆದುಕೊಳ್ಳಲು ಹೇಳಿದೆವು. ಉಸಿರೆಳೆದಾಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ, ಪಲ್ಮನರಿ ಕವಾಟ ತುಸು ತಡವಾಗಿ ಮುಚ್ಚುತ್ತದೆ, ಎರಡನೇ ಶಬ್ದ ಒಡೆದು ಎರಡಾಗುತ್ತದೆ. ಉಸಿರು ಬಿಟ್ಟಾಗ ಕೂಡಿಕೊಳ್ಳುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಚೆನ್ನಾಗಿ ಕೇಳಿಸುವುದರಿಂದ ಇದನ್ನು ಕಲಿಯಲು ಸಹಪಾಠಿಗಳ ಎದೆಗಿಂತ ಒಳ್ಳೆಯ ಜಾಗವಿಲ್ಲ. ಒಡೆಯುವ ಶಬ್ದ ಎರಡನೆಯದೇ ಆದ್ದರಿಂದ, ಯಾವುದು ಯಾವುದೆಂದು ತಾಳೆ ನೋಡುವುದಕ್ಕೂ ಇದು ನೆರವಾಗುತ್ತದೆ.

"ಚೆನ್ನಾಗಿ ಮಾಡಿದೆ" ಎಂಬ ಮಾತು ಆ ದಿನ ನಾವಿಬ್ಬರೂ ಆಡಬಾರದೆಂದು ಮೊದಲೇ ಒಪ್ಪಿಕೊಂಡಿದ್ದೆವು. ಅದನ್ನು ಕೇಳಿದವರು ಮುಂದಿನ ಸಲ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬೇಕು ಎಂದು ತಿಳಿಯುವುದಿಲ್ಲ. ಪೆಂಡಲ್ಟನ್ ಹೆಸರಿನ ಕ್ರಮದಲ್ಲಿ ಮೊದಲು ಕಲಿಯುವವರೇ ತಮಗೆ ಸರಿಯೆನಿಸಿದ್ದನ್ನು ಹೇಳುತ್ತಾರೆ, ಆಮೇಲೆ ನೋಡಿದವರು ಸರಿಯಾದದ್ದನ್ನು ಹೇಳುತ್ತಾರೆ, ಅನಂತರ ಸುಧಾರಿಸಬೇಕಾದದ್ದಕ್ಕೂ ಇದೇ ಸರದಿ. ಅದರ ಮೊದಲ ಹೆಜ್ಜೆಯನ್ನು ನಾನು ಬಿಡುವುದಿಲ್ಲ. "ಜೋರಾಗಿತ್ತಲ್ಲ" ಎಂಬ ಉತ್ತರ ಅವಳ ಬಾಯಿಂದ ಬಂದದ್ದರಿಂದಲೇ ತಪ್ಪಿನ ಬೇರು ಸಿಕ್ಕಿತು. ಆದರೆ ಉಳಿದ ಮೂರೂ ಸುತ್ತನ್ನು ಪ್ರತಿಯೊಬ್ಬರಿಗೂ ನಡೆಸಿದರೆ ಗಂಟೆ ಕರಗಿ, ಮತ್ತೆ ಪ್ರಯತ್ನಿಸಲು ಹೊತ್ತು ಉಳಿಯುವುದಿಲ್ಲ. ಕಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಕೂಡಲೇ ಇನ್ನೊಮ್ಮೆ ಮಾಡಿಸುವುದು ಈ ಕೌಶಲಕ್ಕೆ ಸರಿಹೊಂದುತ್ತದೆ ಎಂಬುದು ನನ್ನ ನಿಲುವು.

ಎಸ್ಟೇಟಿನ ಅಮ್ಮ

ಕೊನೆಯ ಭಾಗ ವಾರ್ಡಿನಲ್ಲಿ. ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ಕೆಲಸ ಮಾಡುವ ಮಹಿಳೆ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು, ಮಾತ್ರೆಯಿಂದ ಬಡಿತ ಹತೋಟಿಗೆ ಬಂದಿತ್ತು. ಯುನಿಟ್ಟಿನ ವೈದ್ಯರ ಒಪ್ಪಿಗೆ ಪಡೆದು, ಬೆಳಿಗ್ಗೆಯೇ ಅವರ ಬಳಿ ಕೇಳಿಕೊಂಡಿದ್ದೆ. "ಎಷ್ಟು ಜನ ಬರುತ್ತೀರಿ ಡಾಕ್ಟರಮ್ಮ?" ಎಂದರು. ಮೂವರು ಹುಡುಗಿಯರು, ಸಾಕೆನಿಸಿದಾಗ ಕೈ ಎತ್ತಿದರೆ ನಿಲ್ಲಿಸುತ್ತೇವೆ ಅಮ್ಮ ಎಂದೆ. ಹುಡುಗರ ಗುಂಪಿಗೆ ಬೇರೆ ವಾರ್ಡಿನಲ್ಲಿ ಬೇರೆ ರೋಗಿಯನ್ನು ನೋಡಿಕೊಂಡಿದ್ದೆವು.

ಮೊದಲು ಸ್ಟೆತಸ್ಕೋಪಿನ ಚಪ್ಪಟೆ ಬದಿಯಾದ ಡಯಾಫ್ರಮ್ ಇಟ್ಟು, ನಾಡಿ ಹಿಡಿದು, ಬೆರಳು ಎತ್ತಿ. ಮೊದಲ ಶಬ್ದ ಅಪ್ಪಳಿಸುವಂತೆ ಜೋರಾಗಿದ್ದುದರಿಂದ ಯಾರ ಬೆರಳೂ ತಪ್ಪಲಿಲ್ಲ. ಮರ್ಮರ್ ಮಾತ್ರ ಯಾರಿಗೂ ಕೇಳಿಸಲಿಲ್ಲ, ಮತ್ತು ಈ ಸಲ ಮೂವರೂ "ಕೇಳಿಸಲಿಲ್ಲ ಅಕ್ಕ" ಎಂದೇ ಹೇಳಿದರು. ನನಗೆ ಆ ದಿನ ಅತ್ಯಂತ ಸಂತೋಷ ಕೊಟ್ಟ ಉತ್ತರ ಅದು. ಈ ಮರ್ಮರ್ ಬಹಳ ತಗ್ಗು ಸ್ಥಾಯಿಯದು. ಅದಕ್ಕೆ ಸ್ಟೆತಸ್ಕೋಪಿನ ಬಟ್ಟಲಿನಂಥ ಬದಿಯಾದ ಬೆಲ್ ಬೇಕು, ರೋಗಿ ಎಡಮಗ್ಗುಲಾಗಬೇಕು, ಹೃದಯದ ತುದಿ ಬೆರಳಿಗೆ ಬಡಿಯುವ ಜಾಗವನ್ನು ಹುಡುಕಿ ಅಲ್ಲೇ ಇಡಬೇಕು. ನಾಣ್ಯದಗಲದ ಆ ಜಾಗ ಬಿಟ್ಟು ಪಕ್ಕಕ್ಕೆ ಇಟ್ಟರೆ ಇಲ್ಲವೇ ಇಲ್ಲ ಎನಿಸಬಹುದು. ಬೆಲ್ಲನ್ನು ಚರ್ಮಕ್ಕೆ ತಾಗುವಷ್ಟೇ ಇಡಬೇಕು. ಒತ್ತಿದರೆ ಬಿಗಿದ ಚರ್ಮವೇ ಡಯಾಫ್ರಮ್‌ನಂತಾಗಿ ತಗ್ಗಿದ ಶಬ್ದವನ್ನು ಸೋಸಿಬಿಡುತ್ತದೆ. ಹಾಸನದ ಹುಡುಗಿ ಬೆಲ್ ತೆಗೆದಾಗ ಚರ್ಮದ ಮೇಲೆ ದುಂಡನೆಯ ಗುರುತು ಉಳಿದಿತ್ತು. ಒತ್ತಿದ್ದಾಳೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಗುರುತನ್ನು ಅವಳಿಗೇ ತೋರಿಸಿದೆ, ಎರಡನೇ ಸಲ ಹಗುರವಾಗಿ ಇಟ್ಟಳು.

ಅಮ್ಮ ಉಸಿರು ಬಿಟ್ಟು ಒಂದು ಕ್ಷಣ ತಡೆದರು. ಗೋಣಿಕೊಪ್ಪಲಿನವಳ ಬೆರಳು ಎದ್ದಿತು, ಇಳಿಯಿತು, ಆಮೇಲೆ ಇನ್ನೊಂದು ಕೈ ಗಾಳಿಯಲ್ಲಿ ಉರುಳುವಂತೆ ಸನ್ನೆ ಮಾಡಿತು, ಎರಡನೇ ಶಬ್ದದ ಆಚೆ, ಮುಂದಿನ ಬೆರಳಿನ ಈಚೆ. ಉದ್ದದ ಬಿಡುವಿನಲ್ಲಿ, ವಿಕಸನದಲ್ಲಿ. ಡ್ಯುರೋಜಿಯೇ ಎಂಬ ಫ್ರೆಂಚ್ ವೈದ್ಯರು ಈ ರೋಗದ ಲಯವನ್ನು ಬಾಯಿಂದಲೇ "ಫೂ-ಟಟಾ-ರೂ" ಎಂದು ನುಡಿದು ತೋರಿಸಿದ್ದರು: ಜೋರಾದ ಮೊದಲ ಶಬ್ದ, ಎರಡನೇ ಶಬ್ದ, ಅದಕ್ಕೆ ಅಂಟಿಕೊಂಡಂತೆ ಬರುವ ಕವಾಟ ತೆರೆಯುವ ಸ್ನ್ಯಾಪ್, ಕೊನೆಗೆ ಗುಡುಗುಡು. ನಾನು ಮೆಲ್ಲಗೆ ನುಡಿದೆ, ಅವಳೂ ತುಟಿಯಲ್ಲೇ ನುಡಿದಳು. ಮೂರನೆಯವಳ ಸರದಿ ಮುಗಿಯುತ್ತಿದ್ದಂತೆ ಅಮ್ಮ ಕೈ ಎತ್ತಿದರು. ದಿಂಬು ಏರಿಸಿ ಕೂರಿಸಿ, ಸೆರಗು ಸರಿಮಾಡಿಕೊಟ್ಟು ಹೊರಬಂದೆವು.

ಚೀಟಿಗಳು

ಕೊನೆಯ ಐದು ನಿಮಿಷ ಎಲ್ಲರಿಗೂ ಹೆಸರಿಲ್ಲದ ಚೀಟಿ. "ಪಾಠ ಹೇಗಿತ್ತು?" ಎಂದು ಕೇಳಿದರೆ "ತುಂಬಾ ಉಪಯುಕ್ತವಾಗಿತ್ತು" ಎಂದೇ ಬರುತ್ತದೆ, ಅದು ವಾರ್ಡಿನ ತಲೆಯಾಡಿಕೆಯ ಬರಹರೂಪ. ಆದ್ದರಿಂದ ನಾವು ಕೇಳಿದ್ದು: ಯಾವ ಹಂತದಲ್ಲಿ ನಿಮಗೆ ಕೇಳಿಸದೆ ಇದ್ದರೂ ಮುಂದಕ್ಕೆ ಹೋದಿರಿ?

ಚೀಟಿಗಳಲ್ಲಿ ಹೆಚ್ಚಿನವು ಪಾಠದ ಆರಂಭದಲ್ಲಿ ನಾವು ಕೇಳಿಸಿದ ಹೃದಯದ ಶಬ್ದಗಳ ಧ್ವನಿಮುದ್ರಣಗಳ ಕಡೆಗೇ ಬೆರಳು ಮಾಡಿದವು. ತಲೆಗೆ ಹಾಕುವ ಹೆಡ್‌ಫೋನು ಇದ್ದ ಗುಂಪಿಗೆ ತೊಂದರೆಯಾಗಲಿಲ್ಲ. ಇನ್ನೊಂದು ಗುಂಪು ಮೊಬೈಲಿನ ಸ್ಪೀಕರಿನಲ್ಲೇ ಕೇಳಿತ್ತು. ಅಷ್ಟು ಚಿಕ್ಕ ಸ್ಪೀಕರು ತಗ್ಗಿನ ಶಬ್ದವನ್ನು ಹೊರಡಿಸುವುದೇ ಇಲ್ಲ. ಮೈಟ್ರಲ್‌ನ ಗುಡುಗುಡು, ಮೂರನೇ ಶಬ್ದ ಇವು ಕಿವಿ ತಲುಪುವ ಮೊದಲೇ ಮಾಯ. ಮುಂದಿನ ಸಲಕ್ಕೆ ಎರಡು ಹೆಡ್‌ಫೋನುಗಳನ್ನು ಎರವಲು ತಂದಿಟ್ಟುಕೊಂಡೆವು.

ಇನ್ನೊಂದು ಚೀಟಿಯಲ್ಲಿ ಪ್ರಶ್ನೆಯೊಂದಿತ್ತು: ಗೆಳೆಯನ ಏಪೆಕ್ಸಿನಲ್ಲಿ ಬೆಲ್ ಇಟ್ಟಾಗ ಎರಡನೇ ಶಬ್ದದ ನಂತರ ಇನ್ನೊಂದು ಮೆಲುವಾದ ಶಬ್ದ ಇತ್ತು, ಯಾರಿಗೂ ಹೇಳಲಿಲ್ಲ, ಹೇಳಬೇಕಿತ್ತೇ? ಅದು ಮೂರನೇ ಶಬ್ದವಿರಬಹುದು. ನಲವತ್ತರ ಒಳಗಿನ ಆರೋಗ್ಯವಂತರಲ್ಲಿ ಅದು ಸಹಜವಾಗಿಯೇ ಕೇಳಿಸಬಹುದು. ಅದೇ ಶಬ್ದ ವಯಸ್ಸಾದವರಲ್ಲಿ, ಉಬ್ಬಸದ ಜೊತೆ ಬಂದರೆ ಹೃದಯ ಸೋಲುತ್ತಿರುವುದರ ಸೂಚನೆ. ಆದರೆ ಇದನ್ನು ನಿರ್ಧರಿಸುವುದು ಎರಡನೇ ವರ್ಷದವರ ಕೆಲಸವೂ ಅಲ್ಲ, ಇಂಟರ್ನ್ ಆದ ನನ್ನದೂ ಅಲ್ಲ. ಸಹಪಾಠಿಯ ಎದೆಯಲ್ಲಿ ಅನುಮಾನದ ಶಬ್ದ ಕೇಳಿದರೆ ಗುಂಪಿನ ಮುಂದೆ ಕೂಗಿ ಹೇಳಬಾರದು, ಮುಚ್ಚಿಡಲೂಬಾರದು. ಪಾಠ ನಡೆಸುವವರಿಗೆ ಮಾತ್ರ ತಿಳಿಸಬೇಕು. ಅವರು ಇನ್ನೊಮ್ಮೆ ಕೇಳಿ, ಅನುಮಾನ ಉಳಿದರೆ ಮಲಗಿದವರೊಡನೆ ಖಾಸಗಿಯಾಗಿ ಮಾತಾಡಿ ವೈದ್ಯಕೀಯ ವಿಭಾಗದ ಹಿರಿಯರ ಬಳಿ ಕರೆದೊಯ್ಯಬೇಕು. ಈ ಸಾಲುಗಳನ್ನು ಹಿಂದಿನ ದಿನ ಕಳಿಸುವ ಸೂಚನೆಯಲ್ಲಿ, ಮಲಗಲು ಒಪ್ಪಿಗೆ ಕೇಳುವ ಮಾತಿನ ಕೆಳಗೇ ಸೇರಿಸಿದ್ದೇವೆ. ಏನಾದರೂ ಕೇಳಿಸಿಬಿಡಬಹುದು ಎಂಬುದು ಗೊತ್ತಿದ್ದೇ ಅವರು ಒಪ್ಪಬೇಕು. ಮುಂದಿನ ಶನಿವಾರ ಅಯೋರ್ಟಿಕ್ ಸೋರಿಕೆ, ರೋಗಿಯನ್ನು ಕೂರಿಸಿ ಮುಂದಕ್ಕೆ ಬಾಗಿಸಿ, ಉಸಿರು ಬಿಟ್ಟು ಹಿಡಿದಾಗ ಡಯಾಫ್ರಮ್ ಒತ್ತಿ ಕೇಳಬೇಕಾದದ್ದು. ಬೆರಳು ಎತ್ತುವುದು ಅಲ್ಲಿಯೂ ಇರುತ್ತದೆ.